ಪ್ರಾಜೆಕ್ಟ್ ಮುಗಿದು ಏಳು ತಿಂಗಳಾಯಿತು, ಹೇಳಿದ ಪ್ರಯೋಜನ ಬಂತೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳಲ್ಲೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಅದು ಕಲ್ಪಿತ ಉದಾಹರಣೆ. ಲೆಕ್ಕ ತಲೆಯಲ್ಲೇ ಕೂರಲಿ ಎಂದು ಅಂಕಿಗಳನ್ನು ಆದಷ್ಟು ದುಂಡಗೆ ಮಾಡಿದ್ದೇವೆ. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ತಿಂಗಳಿಗೆ 4,000 ಪೂರೈಕೆದಾರರ ಬಿಲ್‌ಗಳು ಬರುತ್ತಿದ್ದವು. ಒಂದು ಬಿಲ್‌ಗೆ ಸರಾಸರಿ 15 ನಿಮಿಷದ ಕೈಕೆಲಸ, ಅಂದರೆ ತಿಂಗಳಿಗೆ 1,000 ಗಂಟೆ. ಎಂಟು ಜನ ಗುಮಾಸ್ತರಿದ್ದರು. ರಜೆ, ಸಭೆ, ತರಬೇತಿ ಕಳೆದು ಒಬ್ಬರಿಗೆ ತಿಂಗಳಿಗೆ 130 ಗಂಟೆ ಕೆಲಸಕ್ಕೆ ಸಿಗುತ್ತಿತ್ತು. ಬಿಲ್ ಓದಿ, ಖರೀದಿ ಆದೇಶದ ಜೊತೆ ತಾನೇ ತಾಳೆ ನೋಡುವ ಸಾಫ್ಟ್‌ವೇರ್ ಹಾಕಿದರೆ 15 ನಿಮಿಷ 6ಕ್ಕೆ ಇಳಿಯುತ್ತದೆ, ತಡವಾಗಿ ಪಾವತಿಯಾಗುವ ಬಿಲ್‌ಗಳು ಶೇ. 20ರಿಂದ ಶೇ. 5ಕ್ಕೆ ಬರುತ್ತವೆ ಎಂದು ಬಿಸಿನೆಸ್ ಕೇಸ್‌ನಲ್ಲಿ ಬರೆದು ಒಪ್ಪಿಗೆ ಪಡೆದಿದ್ದರು. ಸಾಫ್ಟ್‌ವೇರ್ ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಚಾಲೂ ಆಯಿತು. ಈಗ ಏಳನೇ ತಿಂಗಳು.

## ಶುರುವಿನ ಪ್ರಶ್ನೆಗಳು

ಪ್ರಾಜೆಕ್ಟ್ ಮುಗಿದಾಗಲೇ ಕ್ಲೋಷರ್ ರಿಪೋರ್ಟ್ ಕೊಟ್ಟಿದ್ದೇವಲ್ಲ, ಮತ್ತೆ ಈ ಪ್ರಯೋಜನ ಪರಿಶೀಲನೆ ಯಾಕೆ?

ಎರಡೂ ಕೇಳುವ ಪ್ರಶ್ನೆಗಳು ಬೇರೆ. ಕೊಡಬೇಕಾದದ್ದನ್ನು ಕೊಟ್ಟೆವೇ, ಸಮಯಕ್ಕೆ ಕೊಟ್ಟೆವೇ, ಖರ್ಚು ಮಿತಿಯಲ್ಲಿತ್ತೇ ಎಂದು ಕ್ಲೋಷರ್ ರಿಪೋರ್ಟ್ ಕೇಳುತ್ತದೆ. ಅದಕ್ಕೆ ಉತ್ತರ ಮುಗಿಸಿದ ದಿನವೇ ಸಿಗುತ್ತದೆ. ಕೊಟ್ಟದ್ದರಿಂದ ಏನಾದರೂ ಬದಲಾಯಿತೇ ಎಂದು ಪ್ರಯೋಜನ ಪರಿಶೀಲನೆ ಕೇಳುತ್ತದೆ. ಇದಕ್ಕೆ ಆ ದಿನ ಉತ್ತರವೇ ಇರುವುದಿಲ್ಲ, ಏಕೆಂದರೆ ಹೊಸ ವ್ಯವಸ್ಥೆಯನ್ನು ಆಗಿನ್ನೂ ಯಾರೂ ನಿಜವಾಗಿ ಬಳಸಿರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಕ್ಲೋಷರ್ ರಿಪೋರ್ಟಿನ ಎಲ್ಲ ಸಾಲಿನ ಎದುರೂ ಹಸಿರು ಬಣ್ಣವಿತ್ತು. 15 ನಿಮಿಷ 6 ಆಯಿತೇ ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದು ತಪ್ಪೂ ಅಲ್ಲ.

ಸಿಸ್ಟಂ ಸರಿಯಾಗಿ ಓಡುತ್ತಿದೆಯೇ, ದೋಷಗಳೆಷ್ಟು, ಬಳಕೆದಾರರಿಗೆ ಹಿಡಿಸಿತೇ ಎಂಬುದನ್ನು ನೋಡುವ ಇನ್ನೊಂದು ಪರಿಶೀಲನೆಯನ್ನೂ ಕೆಲವು ಕಡೆ ಮಾಡುತ್ತಾರೆ. ಅದನ್ನೇ ಪ್ರಯೋಜನ ಪರಿಶೀಲನೆ ಎಂದು ಕರೆದುಕೊಂಡರೆ ಮೋಸ ಹೋಗುತ್ತೇವೆ. ಎಲ್ಲರಿಗೂ ಹಿಡಿಸಿದ ಸಿಸ್ಟಂ ಒಂದು ಗಂಟೆಯನ್ನೂ ಉಳಿಸದೆ ಇರಬಹುದು.

ಎಷ್ಟು ತಿಂಗಳಾದ ಮೇಲೆ ಮಾಡಬೇಕು?

ಇಂಥ ಕಚೇರಿ ಕೆಲಸದ ಬದಲಾವಣೆಗೆ ಆರರಿಂದ ಒಂಬತ್ತು ತಿಂಗಳು ಎಂಬುದು ನಮ್ಮ ಸಲಹೆ. ಆದರೆ ತಿಂಗಳ ಲೆಕ್ಕಕ್ಕಿಂತ ಮುಖ್ಯವಾದ ಒಂದು ಪರೀಕ್ಷೆ ಇದೆ. ಅಳೆಯುತ್ತಿರುವ ಅಂಕಿ ಸತತ ಮೂರು ತಿಂಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿದೆಯೇ ಎಂದು ನೋಡಿ. ನಿಂತಿದ್ದರೆ ಕಾಲ ಬಂದಿದೆ.

ಹೊಸ ವ್ಯವಸ್ಥೆ ಬಂದ ಮೊದಲ ವಾರಗಳಲ್ಲಿ ಕೆಲಸ ನಿಧಾನವಾಗುವುದು ಸಹಜ. ಕೈ ಪಳಗಿರುವುದಿಲ್ಲ, ಹಳೆಯ ಬಾಕಿ ಬಿದ್ದಿರುತ್ತದೆ, ಎರಡೂ ವ್ಯವಸ್ಥೆಗಳು ಜೊತೆಜೊತೆಗೆ ಓಡುತ್ತಿರುತ್ತವೆ. ನಮ್ಮ ಉದಾಹರಣೆಯಲ್ಲಿ ತಡ ಪಾವತಿ ಮೊದಲ ತಿಂಗಳು ಶೇ. 26ಕ್ಕೆ ಏರಿತು. ಆಮೇಲೆ 22, 17, 11, 10, 9, 9. ಎರಡನೇ ತಿಂಗಳಲ್ಲಿ ನೋಡಿದವರು ಪ್ರಾಜೆಕ್ಟ್ ಕೆಟ್ಟಿತು ಎನ್ನುತ್ತಿದ್ದರು. ನಾಲ್ಕನೇ ತಿಂಗಳಲ್ಲಿ ನೋಡಿದವರು ಇಳಿಯುವ ವೇಗ ನೋಡಿ ಶೇ. 5 ಮುಟ್ಟೇ ಮುಟ್ಟುತ್ತದೆ ಎನ್ನುತ್ತಿದ್ದರು. ಎರಡೂ ತಪ್ಪು.

ಹಾಗೆಂದು ಒಂದೂವರೆ ವರ್ಷ ಕಾದರೆ ಬೇರೆ ತೊಂದರೆ. ಬಿಸಿನೆಸ್ ಕೇಸ್ ಬರೆದವರು ಇರುವುದಿಲ್ಲ, ಸಾಫ್ಟ್‌ವೇರಿನ ಮೇಲೆ ಇನ್ನೆರಡು ಬದಲಾವಣೆ ಬಂದಿರುತ್ತವೆ, ಕೆಟ್ಟ ಅಭ್ಯಾಸಗಳು ಗಟ್ಟಿಯಾಗಿರುತ್ತವೆ. ವಾರ್ಷಿಕ ಏರಿಳಿತ ಇರುವ ಅಂಕಿಗಳಿಗೆ ಮಾತ್ರ ವರ್ಷ ತುಂಬಿದ ಮೇಲೆ ಎರಡನೇ ಸಲ ನೋಡಿ. ಹೋಲಿಸುವಾಗ ಅದೇ ತಿಂಗಳಿಗೆ ಅದೇ ತಿಂಗಳನ್ನು ಹೋಲಿಸಿ.

ಇದನ್ನು ಮಾಡುವವರು ಯಾರು? ಪ್ರಾಜೆಕ್ಟ್ ಮ್ಯಾನೇಜರ್ ಆಗಲೇ ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದಾರೆ.

ಹೋಗಲಿ ಬಿಡಿ, ಅವರು ಮಾಡಬಾರದು ಕೂಡ. ಪ್ರಾಜೆಕ್ಟ್ ನಿರ್ವಹಣೆಯ ಪ್ರಿನ್ಸ್-2 ಪದ್ಧತಿಯಲ್ಲೂ ಪ್ರಾಜೆಕ್ಟ್ ಮುಗಿದ ಮೇಲಿನ ಪರಿಶೀಲನೆ ಪ್ರಾಜೆಕ್ಟ್ ತಂಡದ ಹೊಣೆಯಲ್ಲ. ಮುಗಿಸುವಾಗ ಪ್ರಾಜೆಕ್ಟ್ ಮ್ಯಾನೇಜರ್ ಪ್ರಯೋಜನಗಳನ್ನು ಯಾವಾಗ, ಹೇಗೆ ಅಳೆಯಬೇಕೆಂಬ ಕಾಗದವನ್ನು ತಿದ್ದಿ ಸಂಸ್ಥೆಗೆ ಒಪ್ಪಿಸುತ್ತಾರೆ. ಮುಂದಿನದು ಸಂಸ್ಥೆಯ ಪಾಲು. ಆ ಕಾಗದವನ್ನು 2009ರ ಆವೃತ್ತಿ ಬೆನಿಫಿಟ್ಸ್ ರಿವ್ಯೂ ಪ್ಲಾನ್ ಎಂದು ಕರೆದಿತ್ತು. 2017ರಲ್ಲಿ ಅದರ ಹೆಸರು ಬೆನಿಫಿಟ್ಸ್ ಮ್ಯಾನೇಜ್‌ಮೆಂಟ್ ಅಪ್ರೋಚ್ ಎಂದಾಯಿತು.

ಕೆಲಸಕ್ಕೆ ಇಬ್ಬರು ಬೇಕು. ಮೊದಲನೆಯವರು ಪ್ರಯೋಜನದ ಹೊಣೆಗಾರರು, ಇಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ಅಂಕಿ ಬರದಿದ್ದರೆ ಜವಾಬು ಕೊಡಬೇಕಾದವರು ಇವರೇ. ಎರಡನೆಯವರು ಅಳೆಯುವವರು. ಇವರು ಆ ವಿಭಾಗದವರೂ ಆಗಿರಬಾರದು, ಸಾಫ್ಟ್‌ವೇರ್ ಹಾಕಿದ ತಂಡದವರೂ ಆಗಿರಬಾರದು. ಹಣಕಾಸು ಯೋಜನೆ ನೋಡಿಕೊಳ್ಳುವವರೋ, ಆಂತರಿಕ ಆಡಿಟ್‌ನವರೋ ಆದರೆ ಒಳ್ಳೆಯದು. ಹೊಣೆಗಾರರ ಹೆಸರು ಬಿಸಿನೆಸ್ ಕೇಸ್‌ನಲ್ಲೇ ಇರಬೇಕಿತ್ತು. ಅಲ್ಲಿ 'ನಿರ್ವಹಣಾ ಮಂಡಳಿ' ಎಂದೋ 'ಸಂಬಂಧಪಟ್ಟ ವಿಭಾಗಗಳು' ಎಂದೋ ಬರೆದಿದ್ದರೆ, ಯಾರೂ ಹೊಣೆ ಹೊತ್ತಿಲ್ಲ ಎಂದೇ ಓದಿಕೊಳ್ಳಿ.

ಎಷ್ಟು ದಿನದ ಕೆಲಸ ಇದು?

ಈ ಗಾತ್ರದ ಪ್ರಾಜೆಕ್ಟಿಗೆ ಒಬ್ಬರು ಹತ್ತು ಹನ್ನೆರಡು ದಿನ ಕೂತರೆ ಮುಗಿಯುತ್ತದೆ. ಅದರಲ್ಲಿ ಅರ್ಧ ಹಳೆಯ ಅಂಕಿ ಹುಡುಕುವುದರಲ್ಲೇ ಹೋಗುತ್ತದೆ.

## ಅಳತೆಯ ಪ್ರಶ್ನೆಗಳು

ಬಿಸಿನೆಸ್ ಕೇಸ್‌ನಲ್ಲಿ "ಕಾರ್ಯದಕ್ಷತೆ ಹೆಚ್ಚುತ್ತದೆ" ಅಂತಷ್ಟೇ ಇದೆ. ಏನನ್ನು ಅಳೆಯಲಿ?

ಹಣ ಮಂಜೂರು ಮಾಡಿದ ಸಭೆಯ ಟಿಪ್ಪಣಿ, ಆಗ ತೋರಿಸಿದ ಸ್ಲೈಡುಗಳು, ಲೆಕ್ಕ ಹಾಕಿದ ಎಕ್ಸೆಲ್ ಹಾಳೆ ಇವುಗಳನ್ನು ಹುಡುಕಿ. ಹಣ ಹಿಂದಿರುಗುವ ಲೆಕ್ಕ ಎಲ್ಲೋ ಒಂದು ಕಡೆ ಹಾಕಿಯೇ ಇರುತ್ತಾರೆ, ಅಲ್ಲಿ ಅಂಕಿ ಇರುತ್ತದೆ. ಅದೂ ಸಿಗದಿದ್ದರೆ ಹೊಸ ಗುರಿಯನ್ನು ಈಗ ಕೂತು ಹೆಣೆಯಬೇಡಿ. ಬಂದ ಫಲಿತಾಂಶಕ್ಕೆ ಸರಿಯಾಗಿ ಗುರಿ ಬರೆದುಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. 'ಅಳೆಯಬಹುದಾದ ಭರವಸೆ ಇರಲಿಲ್ಲ' ಎಂದು ಬರೆದು, ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ಮಾತ್ರ ಕೊಡಿ.

ಹಳೆಯ ಸ್ಥಿತಿಯನ್ನು ಯಾರೂ ಅಳೆದಿಟ್ಟಿಲ್ಲ. ಈಗ ಹೋಲಿಸುವುದು ಯಾವುದರ ಜೊತೆ?

ತುಂಬ ಕೇಳಿಬರುವ ಪ್ರಶ್ನೆ ಇದು. ಹಳೆಯ ಕೆಲಸ ಬಿಟ್ಟುಹೋದ ಗುರುತುಗಳಿಂದ ಬೇಸ್‌ಲೈನನ್ನು ಮತ್ತೆ ಕಟ್ಟಬಹುದು. ಬಿಲ್ ಬಂದ ದಿನದ ಸೀಲು, ಇನ್‌ವರ್ಡ್ ರಿಜಿಸ್ಟರ್, ಮಂಜೂರಾತಿ ಇಮೇಲಿನ ಸಮಯ, ಬ್ಯಾಂಕಿನಿಂದ ಹಣ ಹೋದ ದಿನ ಇವೆಲ್ಲ ಎಲ್ಲೂ ಹೋಗಿರುವುದಿಲ್ಲ. ಸಾಫ್ಟ್‌ವೇರ್ ಬರುವ ಮೊದಲಿನ ಹನ್ನೆರಡು ತಿಂಗಳಿಂದ ತಿಂಗಳಿಗೆ ಇಪ್ಪತ್ತೈದರಂತೆ 300 ಬಿಲ್‌ಗಳನ್ನು ಎತ್ತಿ ಈ ದಿನಾಂಕಗಳನ್ನು ಬರೆದುಕೊಂಡರೆ ತಡ ಪಾವತಿಯ ಹಳೆಯ ಪ್ರಮಾಣ ಬರುತ್ತದೆ. ಇಷ್ಟು ಮಾದರಿಯಲ್ಲಿ ಶೇ. 20 ಎಂದು ಬಂದರೆ ನಿಜವಾದದ್ದು ಹೆಚ್ಚುಕಡಿಮೆ 16ರಿಂದ 24ರ ಒಳಗಿದೆ ಎಂದು ತಿಳಿಯಬೇಕು. 20 ಮತ್ತು 9ರ ನಡುವಿನ ಅಂತರ ನೋಡಲು ಅಷ್ಟು ನಿಖರತೆ ಸಾಕು. 20 ಮತ್ತು 18ರ ಅಂತರ ನೋಡಲು ಸಾಲದು.

ಕೆಟ್ಟ ತಿಂಗಳನ್ನಷ್ಟೇ ಬೇಸ್‌ಲೈನ್ ಮಾಡಬೇಡಿ. ಪರಿಸ್ಥಿತಿ ತೀರಾ ಹದಗೆಟ್ಟಾಗಲೇ ಪ್ರಾಜೆಕ್ಟಿಗೆ ಒಪ್ಪಿಗೆ ಸಿಗುವುದು ವಾಡಿಕೆ. ಆ ತಿಂಗಳಿನ ಅಂಕಿ ಏನೂ ಮಾಡದಿದ್ದರೂ ತನ್ನಷ್ಟಕ್ಕೆ ಸ್ವಲ್ಪ ಇಳಿಯುತ್ತಿತ್ತು.

ಕೈಕೆಲಸದ ನಿಮಿಷಗಳದ್ದು ಹೆಚ್ಚು ಕಷ್ಟ, ಅದಕ್ಕೆ ಗುರುತು ಉಳಿಯುವುದಿಲ್ಲ. 'ಮೊದಲು ಒಂದು ಬಿಲ್‌ಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು?' ಎಂದು ಕೇಳಿದರೆ ಜನ ಕಷ್ಟದ ಬಿಲ್‌ಗಳನ್ನೇ ನೆನಪಿಸಿಕೊಂಡು ಹೇಳುತ್ತಾರೆ. ಇನ್ನೊಂದು ದಾರಿ ಎಂಟು ಜನರ 1,040 ಗಂಟೆಯನ್ನು 4,000 ಬಿಲ್‌ಗಳಿಗೆ ಹಂಚುವುದು. 15.6 ನಿಮಿಷ ಬರುತ್ತದೆ. ಆದರೆ ಈ 15.6ರಲ್ಲಿ ಪೂರೈಕೆದಾರರ ಫೋನು, ತಿಂಗಳ ಕೊನೆಯ ತಾಳೆ ಎಲ್ಲ ಸೇರಿರುತ್ತದೆ. ಹಳೆಯದಕ್ಕೆ ಹೀಗೆ ಹಂಚಿ ತೆಗೆದ ಅಂಕಿ, ಹೊಸದಕ್ಕೆ ಗಡಿಯಾರ ಹಿಡಿದು ಅಳೆದ ಅಂಕಿ ಇಟ್ಟರೆ ಏನೂ ಬದಲಾಗದಿದ್ದರೂ ಉಳಿತಾಯ ಕಾಣಿಸುತ್ತದೆ. ಎಷ್ಟೋ ವರದಿಗಳಲ್ಲಿ ಕಾಣುವ 'ಉಳಿತಾಯ' ಇಂಥದ್ದೇ. ಹಿಂದಿನದನ್ನು ಯಾವ ರೀತಿ ಅಳೆದಿದ್ದಾರೋ ಈಗಿನದನ್ನೂ ಅದೇ ರೀತಿ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಪುಣ್ಯಕ್ಕೆ ಚಾಲೂ ಆಗುವ ಮೊದಲು ಯಾರೋ ಗುಮಾಸ್ತರ ಪಕ್ಕದಲ್ಲಿ ಕೂತು 15 ನಿಮಿಷ ಎಂದು ಬರೆದಿಟ್ಟಿದ್ದರು.

ಈಗ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಸಿಸ್ಟಂ ಲಾಗೇ ಹೇಳುತ್ತದಲ್ಲ? ಪಕ್ಕದಲ್ಲಿ ಕೂರುವುದು ಯಾಕೆ?

ಪರದೆ ತೆರೆದದ್ದು, ಮುಚ್ಚಿದ್ದು ಲಾಗ್‌ಗೆ ಗೊತ್ತು. ಪರದೆಯ ಹೊರಗೆ ನಡೆಯುವ ಕೆಲಸ ಗೊತ್ತಿಲ್ಲ. ಪಕ್ಕದಲ್ಲಿ ಕೂತು ನೋಡಿ. ಬಿಲ್ ಪರದೆಯ ಮೇಲೆ ಬರುತ್ತದೆ, ಖರೀದಿ ಆದೇಶದ ಸಂಖ್ಯೆ ಇಲ್ಲವೆಂದು ಕೆಂಪು ಗುರುತು ತೋರಿಸುತ್ತದೆ. ಗುಮಾಸ್ತರು ಆ ಪರದೆ ಮುಚ್ಚಿ ಇಮೇಲ್ ತೆರೆದು ಖರೀದಿ ವಿಭಾಗಕ್ಕೆ ಬರೆಯುತ್ತಾರೆ. ಆಮೇಲೆ ಮೇಜಿನ ಮೂಲೆಯಲ್ಲಿ ತೆರೆದೇ ಇರುವ ಹಳೆಯ ಎಕ್ಸೆಲ್ ಹಾಳೆಯಲ್ಲಿ 'ಕೇಳಿದ್ದೇನೆ, 14ನೇ ತಾರೀಖು' ಎಂದು ಬರೆದುಕೊಳ್ಳುತ್ತಾರೆ. ಲಾಗ್ ಪ್ರಕಾರ ಆ ಬಿಲ್‌ಗೆ ಆದದ್ದು ಒಂದು ನಿಮಿಷ. ನಿಜಕ್ಕೂ ಆದದ್ದು ಒಂಬತ್ತು. ಉತ್ತರ ಬಂದ ಮೇಲೆ ಇನ್ನಷ್ಟು.

ಮೊದಲು ಬಿಲ್‌ಗಳನ್ನು ಎರಡು ರಾಶಿ ಮಾಡಿ. ಸಲೀಸಾಗಿ ಹೋದವು ಒಂದು, ಎಲ್ಲೋ ಸಿಕ್ಕಿಕೊಂಡವು ಇನ್ನೊಂದು. ಎಷ್ಟು ಸಿಕ್ಕಿಕೊಂಡವು ಎಂಬುದನ್ನು ಲಾಗಿನಿಂದಲೇ ಪೂರ್ತಿ ಎಣಿಸಬಹುದು, ಅದಕ್ಕೆ ಲಾಗ್ ಒಳ್ಳೆಯದು. ನಿಮಿಷಗಳನ್ನು ಪ್ರತಿ ರಾಶಿಯಿಂದ ಮೂವತ್ತು ಮೂವತ್ತೈದು ಬಿಲ್‌ಗಳ ಪಕ್ಕದಲ್ಲಿ ಕೂತು ಅಳೆಯಿರಿ. ಮೂರು ಬೇರೆ ಬೇರೆ ವಾರಗಳಲ್ಲಿ, ಕನಿಷ್ಠ ಮೂವರು ಗುಮಾಸ್ತರ ಬಳಿ ಕೂರಿ. ಒಂದು ವಾರ ತಿಂಗಳ ಕೊನೆಯದಾಗಿರಲಿ. ಯಾರಾದರೂ ನೋಡುತ್ತಿದ್ದಾರೆಂದರೆ ಜನ ಚುರುಕಾಗುತ್ತಾರೆ, ಹಾಗಾಗಿ ಮೊದಲ ಐದಾರು ಬಿಲ್‌ಗಳನ್ನು ಲೆಕ್ಕಕ್ಕೆ ಹಿಡಿಯದಿರುವುದು ಮೇಲು.

ಉದಾಹರಣೆಯಲ್ಲಿ ಶೇ. 60 ಬಿಲ್‌ಗಳು ಸಲೀಸಾಗಿ, ಸರಾಸರಿ 4 ನಿಮಿಷದಲ್ಲಿ ಮುಗಿದವು. ಶೇ. 40 ಸಿಕ್ಕಿಕೊಂಡವು, ಅವಕ್ಕೆ ಸರಾಸರಿ 18 ನಿಮಿಷ, ಅಂದರೆ ಹಳೆಯ 15ಕ್ಕಿಂತಲೂ ಹೆಚ್ಚು. ಒಟ್ಟು ಸರಾಸರಿ 2.4 ಮತ್ತು 7.2 ಸೇರಿ 9.6 ನಿಮಿಷ. ಇಲ್ಲಿ ನಡುಬೆಲೆ, ಅಂದರೆ ಬಿಲ್‌ಗಳನ್ನು ನಿಮಿಷದ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವ ಅಂಕಿ, ಬಳಸಬೇಡಿ, ಸರಾಸರಿಯನ್ನೇ ಬಳಸಿ. ಸಿಕ್ಕಿಕೊಂಡ ಬಿಲ್‌ಗಳಲ್ಲಿ ಕೆಲವು ಐವತ್ತು ನಿಮಿಷ ನುಂಗುತ್ತವೆ. ನಡುಬೆಲೆ ಅವನ್ನು ಮರೆಮಾಡುತ್ತದೆ, ತಿಂಗಳ ಗಂಟೆಗಳು ಮರೆಮಾಡುವುದಿಲ್ಲ.

ಈ ನಡುವೆ ಬಿಲ್‌ಗಳೇ ಜಾಸ್ತಿ ಆಗಿವೆ. ಹಳೆಯದರ ಜೊತೆ ಹೋಲಿಸಿದರೆ ನಮಗೆ ಅನ್ಯಾಯ ಆಗುವುದಿಲ್ಲವೇ?

ನೇರವಾಗಿ ಹೋಲಿಸಿದರೆ ಆಗುತ್ತದೆ. ಏಳನೇ ತಿಂಗಳಲ್ಲಿ ಬಿಲ್‌ಗಳು 4,600 ಆಗಿದ್ದವು. ತಲಾ 9.6 ನಿಮಿಷದಂತೆ 736 ಗಂಟೆ. ಹಳೆಯ 1,000ದಿಂದ ಕಳೆದರೆ ಉಳಿತಾಯ 264 ಗಂಟೆ. ಭರವಸೆ 600 ಇತ್ತು, ಅರ್ಧವೂ ಬರಲಿಲ್ಲ ಎನಿಸುತ್ತದೆ.

ಸರಿಯಾದ ಹೋಲಿಕೆ ಬೇರೆ: ಸಾಫ್ಟ್‌ವೇರ್ ಬಾರದೇ ಇದ್ದಿದ್ದರೆ ಈ 4,600 ಬಿಲ್‌ಗಳಿಗೆ ಎಷ್ಟು ಹಿಡಿಯುತ್ತಿತ್ತು? ತಲಾ 15 ನಿಮಿಷದಂತೆ 1,150 ಗಂಟೆ. ಹಾಗಾಗಿ ಉಳಿದದ್ದು 414. ಭರವಸೆಯನ್ನೂ ಅದೇ 4,600ಕ್ಕೆ ಎತ್ತಬೇಕು. ತಲಾ 9 ನಿಮಿಷದಂತೆ 690 ಗಂಟೆ. 690ರಲ್ಲಿ 414 ಅಂದರೆ ಶೇ. 60. ಬಿಲ್‌ಗಳು ಹೆಚ್ಚಾದದ್ದಕ್ಕೆ ಸಾಫ್ಟ್‌ವೇರೇ ಕಾರಣವಲ್ಲ ಎಂಬುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಿ. ಒಂದೇ ಬಿಲ್ ಎರಡು ಸಲ ಸ್ಕ್ಯಾನ್ ಆಗಿ ಸಂಖ್ಯೆ ಉಬ್ಬುವುದುಂಟು.

## ಜಗಳ ಹುಟ್ಟಿಸುವ ಪ್ರಶ್ನೆಗಳು

414 ಗಂಟೆ ಉಳಿದಿದೆ ಅಂತೀರಿ, ವಿಭಾಗದಲ್ಲಿ ಏಳು ಜನ ಹಾಗೇ ಇದ್ದಾರಲ್ಲ? ಆ ಗಂಟೆ ಎಲ್ಲಿ ಹೋಯಿತು?

ಹಣಕಾಸಿನವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಗಂಟೆ ಗಂಟೆಗೆ ಲೆಕ್ಕ ಸಿಗುವಂತಿರಬೇಕು. 4,600 ಬಿಲ್‌ಗಳಿಗೆ ಹಳೆಯ ರೀತಿಯಲ್ಲಿ 1,150 ಗಂಟೆ ಬೇಕಿತ್ತು, ಎಂಟು ಜನರಿಂದ ಸಿಗುತ್ತಿದ್ದದ್ದು 1,040. ಕೊರತೆಯ 110 ಗಂಟೆಗೆ ಒಂಬತ್ತನೆಯವರನ್ನು ತೆಗೆದುಕೊಳ್ಳಬೇಕಿತ್ತು, ತೆಗೆದುಕೊಳ್ಳಲಿಲ್ಲ. ಎಂಟರಲ್ಲಿ ಒಬ್ಬರು ಬೇರೆ ವಿಭಾಗದ ಖಾಲಿ ಹುದ್ದೆಗೆ ಹೋದರು, ಅದು 130. ಉಳಿದ ಏಳು ಜನರ ಬಳಿ 910 ಗಂಟೆ ಇದೆ, ಬಿಲ್‌ಗಳಿಗೆ ಹೋಗುವುದು 736. ಆದ್ದರಿಂದ 174 ಗಂಟೆ ವಿಭಾಗದ ಒಳಗೇ ಇದೆ. 110, 130, 174 ಕೂಡಿದರೆ 414.

ಈ ಮೂರೂ ಒಂದೇ ಜಾತಿಯವಲ್ಲ. 130 ಗಂಟೆ ಸಂಬಳದ ಲೆಕ್ಕದಲ್ಲಿ ಕಾಣುವ ನಿಜವಾದ ಉಳಿತಾಯ. 110 ತಪ್ಪಿದ ಖರ್ಚು. ಒಂಬತ್ತನೆಯವರ ಹುದ್ದೆಗೆ ಬಜೆಟ್‌ನಲ್ಲಿ ಹಣ ಇಟ್ಟಿದ್ದರೆ ಮಾತ್ರ ಅದನ್ನು ಹಣವೆಂದು ಎಣಿಸಬಹುದು. 174 ಬರೀ ಬಿಡುವಾದ ಹೊತ್ತು. ಅದರಲ್ಲಿ ಪೂರೈಕೆದಾರರ ಖಾತೆ ತಾಳೆ ನೋಡುವ ಕೆಲಸ ಈಗ ತಿಂಗಳು ತಿಂಗಳೂ ಆಗುತ್ತಿದ್ದರೆ, ಹಿಂದೆ ಆಗುತ್ತಿರಲಿಲ್ಲವೆಂದರೆ, ಅದನ್ನು ಹೇಳಿ, ಆದರೆ ಹಣವಾಗಿ ಪರಿವರ್ತಿಸಬೇಡಿ. ಎಲ್ಲಕ್ಕೂ ಸಂಬಳದ ದರ ಗುಣಿಸಿ ಒಂದು ದೊಡ್ಡ ಮೊತ್ತ ತೋರಿಸಿದ ವರದಿಯನ್ನು ಹಣಕಾಸಿನವರು ಒಂದು ಸಲ ನಂಬುತ್ತಾರೆ, ಎರಡನೇ ಸಲ ನಂಬುವುದಿಲ್ಲ.

ಲೆಕ್ಕಪತ್ರದವರಿಗೆ ಸುಲಭ ಆಯಿತು, ನಮಗೆ ಕೆಲಸ ಹೆಚ್ಚಾಯಿತು. ಅದನ್ನು ಯಾರು ಕೇಳುತ್ತಾರೆ?

ಪರಿಶೀಲನೆ ಕೇಳಬೇಕು. ಬಿಲ್ ತಾನೇ ತಾಳೆಯಾಗಬೇಕಾದರೆ ಸರಕು ಬಂದ ನಮೂದು ಮೊದಲು ಸಿಸ್ಟಂನಲ್ಲಿರಬೇಕು. ಹಿಂದೆ ಉಗ್ರಾಣದವರು ಕಾಗದದ ಚಲನ್ ಮೇಲೆ ಸಹಿ ಹಾಕಿ ಕಳಿಸಿದರೆ ಆಗುತ್ತಿತ್ತು, ಈಗ ಪ್ರತಿಯೊಂದನ್ನೂ ನಮೂದಿಸಬೇಕು. ತಲಾ ಎರಡು ನಿಮಿಷ ಎಂದರೂ 4,600ಕ್ಕೆ 153 ಗಂಟೆ. 414ರಲ್ಲಿ ಅದನ್ನು ಕಳೆದರೆ ಸಂಸ್ಥೆಗೆ ನಿಜವಾಗಿ ಉಳಿದದ್ದು 261 ಗಂಟೆ, ಭರವಸೆಯ ಶೇ. 38. ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿದ ಕೆಲಸ ಉಳಿತಾಯವಲ್ಲ.

ಇದನ್ನು ಹಿಡಿಯುವ ಸುಲಭ ಉಪಾಯ ಒಂದಿದೆ. ಬಿಲ್ ಹುಟ್ಟುವ ಕಡೆಯಿಂದ ಹಣ ಹೋಗುವ ಕಡೆಯವರೆಗೆ ಅದನ್ನು ಮುಟ್ಟುವ ಪ್ರತಿ ವಿಭಾಗದ ಒಬ್ಬೊಬ್ಬರನ್ನು 'ನೀವು ಏಳು ತಿಂಗಳ ಹಿಂದೆ ಮಾಡದೆ ಈಗ ಮಾಡುತ್ತಿರುವುದು ಏನು?' ಎಂದು ಕೇಳಿ. ಅನುಕೂಲವಾಯಿತೇ ಎಂದು ಕೇಳಿದರೆ ಈ ಉತ್ತರ ಬರುವುದಿಲ್ಲ.

ತಡ ಪಾವತಿ ಇಳಿದಿದೆ ನಿಜ, ಆದರೆ ಅದೇ ವೇಳೆಗೆ ಪಾವತಿ ವಾರಕ್ಕೆ ಎರಡು ಸಲ ಮಾಡಲು ಶುರು ಮಾಡಿದ್ದೇವೆ. ಶ್ರೇಯಸ್ಸು ಯಾವುದಕ್ಕೆ?

ನಾಲ್ಕನೇ ತಿಂಗಳಲ್ಲಿ ಶೇ. 17ರಿಂದ 11ಕ್ಕೆ ಒಮ್ಮೆಲೇ ಇಳಿದದ್ದನ್ನು ಗಮನಿಸಿ. ಇಂಥ ಮೆಟ್ಟಿಲು ಕಂಡಾಗಲೆಲ್ಲ ಆ ತಿಂಗಳಲ್ಲಿ ಬೇರೆ ಏನು ಬದಲಾಯಿತು ಎಂದು ಹುಡುಕಬೇಕು. ಇಲ್ಲಿ ಖಜಾನೆಯವರು ವಾರಕ್ಕೊಂದು ಸಲದ ಪಾವತಿಯನ್ನು ಎರಡು ಸಲ ಮಾಡಿದ್ದರು. ಅದಕ್ಕೂ ಸಾಫ್ಟ್‌ವೇರಿಗೂ ಸಂಬಂಧವಿರಲಿಲ್ಲ.

ಪೂರ್ತಿ ಬೇರ್ಪಡಿಸಲು ಆಗದಿದ್ದರೂ ದಾರಿಯನ್ನು ತುಂಡು ಮಾಡಿ ನೋಡಬಹುದು. ಬಿಲ್ ಬಂದದ್ದರಿಂದ ಮಂಜೂರಾತಿಯವರೆಗಿನ ದಿನಗಳು ಸಾಫ್ಟ್‌ವೇರಿನ ಪಾಲು, ಮಂಜೂರಾತಿಯಿಂದ ಹಣ ಹೋಗುವವರೆಗಿನ ದಿನಗಳು ಖಜಾನೆಯ ಪಾಲು. ಮೊದಲನೆಯದು 12 ದಿನದಿಂದ 9ಕ್ಕೆ, ಎರಡನೆಯದು 4ರಿಂದ 2ಕ್ಕೆ ಇಳಿದಿತ್ತು. ಒಟ್ಟು ಐದು ದಿನದಲ್ಲಿ ಮೂರು ದಿನ ಪ್ರಾಜೆಕ್ಟಿನದು. ಇದರಿಂದ ತಡ ಪಾವತಿಯ ಇಳಿಕೆಯಲ್ಲೂ ಐದರಲ್ಲಿ ಮೂರು ಪಾಲು ಪ್ರಾಜೆಕ್ಟಿನದೇ ಎಂದು ಹೇಳಲಾಗದು, ಗಡುವಿನ ಅಂಚಿನಲ್ಲಿರುವ ಬಿಲ್‌ಗಳಿಗೆ ಒಂದು ದಿನದ ಬೆಲೆಯೇ ಬೇರೆ. ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿ. ಏಳನೇ ತಿಂಗಳ ಬಿಲ್‌ಗಳ ಮಂಜೂರಾತಿ ದಿನಾಂಕ ಇಟ್ಟುಕೊಂಡು, ವಾರಕ್ಕೊಂದೇ ಪಾವತಿ ಇದ್ದಿದ್ದರೆ ಯಾವ್ಯಾವ ಬಿಲ್ ಗಡುವು ಮೀರುತ್ತಿತ್ತು ಎಂದು ಎಕ್ಸೆಲ್‌ನಲ್ಲಿ ಎಣಿಸಿ. ಆ ಎಣಿಕೆ ಶೇ. 14 ಎಂದು ಬಂದರೆ 20ರಿಂದ 14ರವರೆಗಿನ ಆರು ಅಂಶ ಪ್ರಾಜೆಕ್ಟಿನದು, 14ರಿಂದ 9ರವರೆಗಿನ ಐದು ಖಜಾನೆಯದು. ಇಬ್ಬರೂ ಇಡೀ ಹನ್ನೊಂದನ್ನು ತಮ್ಮದೆಂದು ಬರೆದುಕೊಂಡಿರುತ್ತಾರೆ. ಎರಡು ವರದಿಗಳನ್ನು ಪಕ್ಕದಲ್ಲಿಟ್ಟು ಕೂಡಿ ನೋಡಿದರೆ ಗೊತ್ತಾಗುತ್ತದೆ.

ಭರವಸೆಯಷ್ಟು ಬರಲಿಲ್ಲ. ಯಾಕೆ ಅಂತ ಹೇಗೆ ಕಂಡುಹಿಡಿಯುವುದು? ಎಲ್ಲರೂ ತರಬೇತಿ ಸಾಲದು ಅಂತಾರೆ.

ತರಬೇತಿಯ ಮೇಲೆ ಹಾಕಿದರೆ ಯಾರಿಗೂ ನೋವಾಗುವುದಿಲ್ಲ, ಅದಕ್ಕೇ ಎಲ್ಲರೂ ಹಾಗೆನ್ನುತ್ತಾರೆ. ಮೊದಲು ಭರವಸೆಯನ್ನೇ ಹಿಂದಕ್ಕೆ ಬಿಚ್ಚಿ. ಸಲೀಸಾದವಕ್ಕೆ 4, ಸಿಕ್ಕಿಕೊಂಡವಕ್ಕೆ 18 ನಿಮಿಷ ಹಿಡಿದು ಸರಾಸರಿ 6 ಬರಬೇಕಾದರೆ ಏಳರಲ್ಲಿ ಒಂದು ಬಿಲ್ ಮಾತ್ರ, ಅಂದರೆ ಸುಮಾರು ಶೇ. 14, ಸಿಕ್ಕಿಕೊಳ್ಳಬೇಕು. ಈಗ ಶೇ. 40 ಸಿಕ್ಕಿಕೊಳ್ಳುತ್ತಿವೆ. ಸಾಫ್ಟ್‌ವೇರ್ ನಿಧಾನವಾಗಿದೆ, ಗುಮಾಸ್ತರು ಪಳಗಿಲ್ಲ ಎಂಬ ವಾದಗಳೆಲ್ಲ ಇಲ್ಲಿಗೆ ಮುಗಿದವು. 4 ನಿಮಿಷದಲ್ಲಿ ಮುಗಿಯುವುದು ಮುಗಿಯುತ್ತಲೇ ಇದೆ.

ಆಮೇಲೆ ಸಿಕ್ಕಿಕೊಂಡ ಬಿಲ್‌ಗಳಿಂದ ನೂರನ್ನು ಲಾಟರಿಯಂತೆ ಎತ್ತಿ ಒಂದೊಂದಾಗಿ ಓದಿ. ಸಿಸ್ಟಂ ಕೊಟ್ಟ ಕಾರಣದ ಕೋಡನ್ನು ನಂಬಬೇಡಿ, 'ಇತರೆ' ಒತ್ತಿ ಮುಂದೆ ಹೋಗುವುದು ಎಲ್ಲ ಕಡೆ ಇರುವ ಅಭ್ಯಾಸ. ಉದಾಹರಣೆಯ ನೂರರಲ್ಲಿ 46 ಬಿಲ್‌ಗಳ ಮೇಲೆ ಖರೀದಿ ಆದೇಶದ ಸಂಖ್ಯೆಯೇ ಇರಲಿಲ್ಲ. 24ರಲ್ಲಿ ಸರಕು ಬಂದ ನಮೂದು ಆಗಿರಲಿಲ್ಲ, 21ರಲ್ಲಿ ದರ ಹೊಂದಲಿಲ್ಲ, 9 ಚಿಲ್ಲರೆ ಕಾರಣ.

ಈಗ ಬಿಸಿನೆಸ್ ಕೇಸ್‌ಗೆ ಮರಳಿ. ಅದರ ಊಹೆಗಳ ಪಟ್ಟಿಯಲ್ಲಿ ಎಲ್ಲೋ ಕೆಳಗೆ 'ಆದೇಶ ಸಂಖ್ಯೆ ಇಲ್ಲದ ಬಿಲ್‌ಗಳನ್ನು ಖರೀದಿ ವಿಭಾಗ ಸ್ವೀಕರಿಸುವುದಿಲ್ಲ' ಎಂದು ಬರೆದಿತ್ತು. ಆ ನಿಯಮವನ್ನು ತರುವುದು ಪ್ರಾಜೆಕ್ಟ್ ತಂಡದ ಕೈಯಲ್ಲಿರಲಿಲ್ಲ. ಖರೀದಿ ಮುಖ್ಯಸ್ಥರಿಗೆ ಅದು ತಮ್ಮ ಕೆಲಸವೆಂದು ಯಾರೂ ಹೇಳಿರಲಿಲ್ಲ. ಸಾಫ್ಟ್‌ವೇರ್ ಬಂತು, ನಿಯಮ ಬರಲಿಲ್ಲ. ಪ್ರಯೋಜನ ಬಾರದ ಕಡೆಗಳಲ್ಲಿ ಅಗೆದರೆ ಹೆಚ್ಚಾಗಿ ಸಿಗುವುದು ಇಂಥದೇ ಒಂದು ಸಾಲು.

ಕಾರಣ ಸಿಕ್ಕಿತು. ಈಗ ವರದಿಯಲ್ಲಿ ಏನು ಬರೆಯಬೇಕು, ಆಮೇಲೆ ಏನಾಗಬೇಕು?

ಎರಡು ಪುಟ ಸಾಕು. ಪ್ರತಿ ಭರವಸೆಗೂ ಹಿಂದಿನದು, ಹೇಳಿದ್ದು, ಈಗಿನದು, ಪ್ರಾಜೆಕ್ಟಿಗೆ ಸಲ್ಲುವ ಪಾಲು, ಅಳತೆ ಎಷ್ಟು ನಂಬಿಕಸ್ತ ಎಂಬುದನ್ನು ಬರೆಯಿರಿ. ಉಗ್ರಾಣದಂಥ ಬೇರೆ ವಿಭಾಗಗಳ ಮೇಲೆ ಬಿದ್ದ ಹೊರೆಯನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಬರೆಯಿರಿ. ಶೇ. 60 ಮತ್ತು ಶೇ. 38 ಎರಡನ್ನೂ ಕೊಟ್ಟು ವ್ಯತ್ಯಾಸ ಎಲ್ಲಿಂದ ಬಂತೆಂದು ಹೇಳಿ. ಒಂದನ್ನೇ ಕೊಟ್ಟರೆ ಇನ್ನೊಂದನ್ನು ಬೇರೆ ಯಾರೋ ಸಭೆಯಲ್ಲಿ ಎತ್ತುತ್ತಾರೆ.

ತಿದ್ದುವ ಕ್ರಮಗಳನ್ನು ಎರಡಕ್ಕೋ ಮೂರಕ್ಕೋ ನಿಲ್ಲಿಸಿ, ಪ್ರತಿಯೊಂದಕ್ಕೂ ಎಷ್ಟು ಸಿಗುತ್ತದೆಂದು ಲೆಕ್ಕ ಕೊಡಿ. ಇಲ್ಲಿ ಖರೀದಿ ಮುಖ್ಯಸ್ಥರು ಪೂರೈಕೆದಾರರಿಗೆ ಪತ್ರ ಬರೆದು, ಎರಡು ತಿಂಗಳ ಗಡುವು ಕೊಟ್ಟು, ಆಮೇಲೆ ಸಂಖ್ಯೆ ಇಲ್ಲದ ಬಿಲ್ ವಾಪಸ್ ಕಳಿಸಬೇಕು. ಬಾಡಿಗೆ, ವಿದ್ಯುತ್‌ನಂಥ ಆದೇಶವೇ ಇಲ್ಲದ ಬಿಲ್‌ಗಳಿಗೆ ಬೇರೆ ದಾರಿ ಇಡಬೇಕು, ಇಲ್ಲವಾದರೆ ಮೊದಲ ತಿಂಗಳಲ್ಲೇ ನಿಯಮ ಮುರಿಯುತ್ತದೆ. ಹೀಗೆ ಸಿಕ್ಕಿಕೊಳ್ಳುವವು ಶೇ. 40ರಿಂದ 20ಕ್ಕೆ ಬಂದರೆ ಸರಾಸರಿ 6.8 ನಿಮಿಷವಾಗುತ್ತದೆ, 4,600 ಬಿಲ್‌ಗಳಲ್ಲಿ ಇನ್ನೂ ಸುಮಾರು 215 ಗಂಟೆ ಉಳಿಯುತ್ತದೆ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಈ ಅಂಕಿಯೇ ಖರೀದಿ ಮುಖ್ಯಸ್ಥರ ಮುಂದೆ ಇಡಬೇಕಾದದ್ದು.

ಪಾಠಗಳೆಂಬ ತಲೆಬರಹದಡಿ ಹತ್ತು ಸಾಲು ಬರೆಯುವ ಬದಲು, ಮುಂದಿನ ಬಿಸಿನೆಸ್ ಕೇಸ್ ನಮೂನೆಗೆ ಒಂದು ಅಂಕಣ ಸೇರಿಸಿ: ಪ್ರತಿ ಊಹೆಯ ಎದುರು ಅದನ್ನು ನಿಜಮಾಡಬೇಕಾದವರ ಹೆಸರು ಮತ್ತು ಸಹಿ.

ಎಷ್ಟು ಸಲ ಹೀಗೆ ನೋಡುತ್ತಾ ಇರಬೇಕು? ಎಂದಾದರೂ ನಿಲ್ಲಿಸಬಹುದೇ?

ನಿಲ್ಲಿಸಬಹುದು, ನಿಲ್ಲಿಸಲೂ ಬೇಕು. ತಿದ್ದುವ ಕ್ರಮ ಜಾರಿಯಾಗಿ ಆರು ತಿಂಗಳಿಗೆ ಇನ್ನೊಂದು ಸಲ, ಸಣ್ಣದಾಗಿ, ಸಿಕ್ಕಿಕೊಂಡ ಪ್ರಮಾಣ ಮತ್ತು ಉಗ್ರಾಣದ ನಮೂದು ಇವೆರಡನ್ನೇ ನೋಡಿ. ಗುಮಾಸ್ತರ ಪಕ್ಕದಲ್ಲಿ ಮತ್ತೆ ಕೂರುವುದು ಬೇಡ, ನಿಮಿಷಗಳು ಬದಲಾಗಿರುವ ಸಂಭವ ಕಡಿಮೆ. ಅದಾದ ಮೇಲೆ ಈ ಎರಡು ಅಂಕಿಗಳನ್ನು ವಿಭಾಗದ ತಿಂಗಳ ವರದಿಗೆ ಸೇರಿಸಿ ಪರಿಶೀಲನೆಯನ್ನು ಮುಚ್ಚಿ. ಖರೀದಿ ಮುಖ್ಯಸ್ಥರು ನಿಯಮ ತರಲು ಒಪ್ಪದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಉಳಿದ ಗಂಟೆಗಳು ಬರುವುದಿಲ್ಲವೆಂದು ಬರೆದು, ಹಣ ಮಂಜೂರು ಮಾಡಿದವರ ಸಹಿ ಪಡೆದು, ಮುಂದಿನ ವರ್ಷದ ಬಜೆಟ್‌ನಿಂದ ಆ ಉಳಿತಾಯವನ್ನು ತೆಗೆಸಿಬಿಡಿ. ಎಷ್ಟೋ ಕಡೆ ಬಾರದ ಉಳಿತಾಯವನ್ನು ಬಜೆಟ್‌ನಲ್ಲಿ ಆಗಲೇ ಕಳೆದುಬಿಟ್ಟಿರುತ್ತಾರೆ, ವಿಭಾಗದವರಿಗೆ ಅದು ಗೊತ್ತಾಗುವುದು ವರ್ಷದ ಕೊನೆಯಲ್ಲಿ.